ಡಿಕಾಕ್ಷನ್ ಬಾಟಲಿ ಬಿಡುಗಡೆ: ಸೋಲುವ ಮೊದಲೇ ಸೋಲಿನ ಲೆಕ್ಕ

ಸ್ಥಳ: ಚಿಕ್ಕಮಗಳೂರು ಯೂನಿಟ್. ಸಭೆ: ಆಗಸ್ಟ್ 21.
ಸರಕು: ಫಿಲ್ಟರ್ ಕಾಫಿ ಡಿಕಾಕ್ಷನ್, 250 ಮಿ.ಲೀ. ಫ್ರಿಜ್‌ನಲ್ಲಿ 14 ದಿನ ಬಾಳಿಕೆ.
ಬಿಡುಗಡೆ: ಅಕ್ಟೋಬರ್ 1, ಅಂತರರಾಷ್ಟ್ರೀಯ ಕಾಫಿ ದಿನ. ಚಿಕ್ಕಮಗಳೂರು, ಹಾಸನ, ಮಂಗಳೂರು, ಬೆಂಗಳೂರು, ನಾಲ್ಕೂ ಕಡೆ ಒಂದೇ ದಿನ.

ಸಭೆಯಲ್ಲಿ ಕೇಳಿದ್ದು ಇಷ್ಟೇ: "ಇವತ್ತು ಮಾರ್ಚ್ ಕೊನೆ ಅಂದುಕೊಳ್ಳಿ. ಬಾಟಲಿ ಮುಳುಗಿದೆ, ಅಂಗಡಿಯವರು ಮಾಲು ವಾಪಸ್ ಕಳಿಸಿದ್ದಾರೆ. ಯಾಕೆ ಅಂತ ಬರೆಯಿರಿ." ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್ ಹೇಳಿಕೊಟ್ಟ ಪ್ರಿ-ಮಾರ್ಟಮ್ ಇದೇ. "ಏನಾದ್ರೂ ತೊಂದರೆ ಇದೆಯಾ" ಅಂತ ಕೇಳಿದರೆ ಎಲ್ಲರೂ "ಏನಿಲ್ಲ ಸಾರ್" ಅಂತಾರೆ, ಅಲ್ವಾ? ಸೋತಾಗಿದೆ ಅಂದರೆ ಬಾಯಿ ಬಿಡುತ್ತಾರೆ. ಚೀಟಿಯಲ್ಲಿ ಹೆಸರು ಬೇಡ ಅಂದೆವು. ಸಾಹುಕಾರರ ಮಾತು ಕೊನೆಗೆ ಇಟ್ಟೆವು.

ರುಚಿ, ಬೆಲೆ, ದೊಡ್ಡ ಕಂಪನಿಗಳ ಪೈಪೋಟಿ ಸುಮಾರು ಚೀಟಿಗಳಲ್ಲಿ ಬಂದಿವೆ. ಅವು ಈಗಾಗಲೇ ಪ್ಲಾನ್‌ನಲ್ಲಿವೆ. ಮತ್ತೆ ಬರೆಯುವುದಿಲ್ಲ.

ಫ್ರಿಜ್

ಒಂದು ಚೀಟಿಯಲ್ಲಿ ಒಂದೇ ಸಾಲು: "ರಾತ್ರಿ ಬಾಗಿಲು ಹಾಕುವಾಗ ಅಂಗಡಿಯವರು ಫ್ರಿಜ್ ಆಫ್ ಮಾಡ್ತಾರೆ." ದಿನಾ ಅಂಗಡಿಗಳಿಗೆ ಮಾಲು ಹಾಕೋಕೆ ಹೋಗುವವರೇ ಬರೆದಿರಬೇಕು. ನಮ್ಮಲ್ಲಿ ಇದು ಯಾರ ತಲೆಗೂ ಬಂದಿರಲಿಲ್ಲ. 14 ದಿನ ಅನ್ನುವ ಲೆಕ್ಕ ಬಂದದ್ದು ಜನರೇಟರ್ ಇರುವ ನಮ್ಮ ಲ್ಯಾಬ್ ಫ್ರಿಜ್‌ನಿಂದ. ಅಲ್ಲಿ ಕರೆಂಟ್ ಹೋಗುವುದೇ ಇಲ್ಲ.

ಹುಳಿ ಬರುತ್ತೆ, ಗಿರಾಕಿ ಬೈತಾನೆ ಅನ್ನುವಷ್ಟಕ್ಕೇ ಇದು ಮುಗಿಯುವುದಿಲ್ಲ. ನಮ್ಮ ಡಿಕಾಕ್ಷನ್‌ನ ಪಿಎಚ್ 5.1. ಪಿಎಚ್ 4.6ಕ್ಕಿಂತ ಮೇಲಿದ್ದು, ಗಾಳಿಯಾಡದೆ ಮುಚ್ಚಿಟ್ಟ, ತಂಪಿಲ್ಲದ ಬಾಟಲಿಯಲ್ಲಿ ಬಾಟ್ಯುಲಿಸಂ ಅನ್ನುವ ಪ್ರಾಣಾಂತಿಕ ಆಹಾರ ವಿಷಬಾಧೆ ತರುವ ಬ್ಯಾಕ್ಟೀರಿಯಾ ಬೆಳೆಯಬಹುದು. ಅದರ ಬೀಜಕಣ ಕುದಿಸಿದರೂ ಸಾಯುವುದಿಲ್ಲ. ನಾವು ಬಿಸಿಬಿಸಿ ತುಂಬಿ ಮುಚ್ಚಳ ಹಾಕುತ್ತೇವಲ್ಲ, ಅದು ಸಾಲದು. ಇನ್ನೂ ಕೆಟ್ಟದ್ದು, ವಿಷ ಸೇರಿದ್ದರೂ ವಾಸನೆ, ರುಚಿ ಬದಲಾಗದೇ ಇರಬಹುದು. ಕುಡಿದು ನೋಡಿ "ಚೆನ್ನಾಗಿದೆ" ಅಂದರೆ ಅದು ಪರೀಕ್ಷೆಯಲ್ಲ.

ಹುಳಿ ಸೇರಿಸಿ ಪಿಎಚ್ ಇಳಿಸೋಣ ಅಂತ ಮಾತು ಬಂತು. ಬಿಸಿ ಹಾಲಿಗೆ ಹಾಕಿದಾಗ ಹಾಲು ಒಡೆದರೆ ಗಿರಾಕಿ ಇನ್ನೊಂದು ಬಾಟಲಿ ಕೊಳ್ಳುತ್ತಾನಾ? ರಿಟಾರ್ಟ್ ಅನ್ನುವ ಒತ್ತಡದ ಹಬೆ ಯಂತ್ರದಲ್ಲಿ 121 ಡಿಗ್ರಿಗೆ ಕಾಯಿಸಬಹುದು. ಆ ಯಂತ್ರ ನಮ್ಮಲ್ಲಿಲ್ಲ, ಪರಿಮಳವೂ ಉಳಿಯುವುದು ಕಷ್ಟ. ಈಗಿರುವ ದಾರಿ ಒಂದೇ: ನಮ್ಮ ಗೇಟಿನಿಂದ ಗಿರಾಕಿ ಕೈಗೆ ಹೋಗುವ ತನಕ 4 ಡಿಗ್ರಿ ದಾಟಬಾರದು. ಶಿರಾಡಿ ಘಾಟ್‌ನಲ್ಲಿ ಮಣ್ಣು ಕುಸಿದು ಮಂಗಳೂರಿನ ಗಾಡಿ ರಾತ್ರಿಯಿಡೀ ನಿಂತರೆ? ಚಾರ್ಮಾಡಿಯಲ್ಲೂ ಅದೇ ಕಥೆ. ನಮ್ಮ ಗಾಡಿಯಲ್ಲಿರುವುದು ಐಸ್ ಪೆಟ್ಟಿಗೆ, ಕೂಲಿಂಗ್ ಅಲ್ಲ.

ಕೈಗಳು

ಬಾಟಲಿ ತುಂಬುವ ಹೆಂಗಸರಲ್ಲಿ ಜಾಸ್ತಿ ಜನ ನವೆಂಬರ್‌ನಲ್ಲಿ ಅರೇಬಿಕಾ ಹಣ್ಣು ಕುಯ್ಯೋಕೆ ಹೋಗುತ್ತಾರೆ. ಆಮೇಲೆ ರೊಬಸ್ಟಾ, ಮಾರ್ಚ್‌ವರೆಗೂ. ಕುಯ್ಲಿನಲ್ಲಿ ಕೆ.ಜಿ. ಲೆಕ್ಕದ ಕೂಲಿ ಸಿಗುತ್ತೆ, ನಮ್ಮ ದಿನಗೂಲಿಗಿಂತ ಅದೇ ಮೇಲು. ಚಳಿಗಾಲಕ್ಕೆ ಆರ್ಡರ್ ಏರುತ್ತೆ ಅಂತ ಖುಷಿಪಟ್ಟಿದ್ದೇವೆ, ಅದೇ ಹೊತ್ತಿಗೆ ಲೈನ್ ಖಾಲಿ. ಕಾಫಿ ಊರಲ್ಲಿ ಕೂತು ಕುಯ್ಲನ್ನೇ ಮರೆತೆವು ಅಂತ ಸಾಹುಕಾರರೇ ನಕ್ಕರು.

ಲೇಬಲ್

ಮುಂದೆ "ಶುದ್ಧ ಕಾಫಿ" ಅಂತಿದೆ. ಒಳಗೆ 20% ಚಿಕೋರಿ. ಕಾಫಿ-ಚಿಕೋರಿ ಪುಡಿಯಲ್ಲಿ ಕಾಫಿ ಕನಿಷ್ಠ 51% ಇರಬೇಕು ಅನ್ನುವ ನಿಯಮಕ್ಕಿಂತ ನಾವು ತುಂಬಾ ಮೇಲಿದ್ದೇವೆ, ನಿಜ. ಆದರೂ ಹಿಂದೆ ಸಣ್ಣಕ್ಷರದಲ್ಲಿ ಚಿಕೋರಿ ಅಂತ ಹಾಕಿ ಮುಂದೆ ಶುದ್ಧ ಅನ್ನುವುದು ಸುಳ್ಳು. 20,000 ಲೇಬಲ್ ಅಚ್ಚಾಗಿದೆ ಅನ್ನೋ ಕಾರಣಕ್ಕೇ ಇಷ್ಟು ದಿನ ಯಾರೂ ಮಾತೆತ್ತಿರಲಿಲ್ಲ ಅಂತ ನನಗನಿಸುತ್ತೆ. ಜೊತೆಗೆ, ಹಾಲು ಬೆರೆಸದೆ ಹಾಗೇ ಕುಡಿದು ಕಹಿ ಅನ್ನುವವರೂ ಇರುತ್ತಾರೆ. ಎಷ್ಟು ಡಿಕಾಕ್ಷನ್‌ಗೆ ಎಷ್ಟು ಹಾಲು ಅಂತ ಚಿತ್ರ ಹಾಕಿದರೆ ಸಾಕು.

ತೀರ್ಮಾನ

ಅಕ್ಟೋಬರ್ 1ರಂದು ಚಿಕ್ಕಮಗಳೂರು, ಹಾಸನ ಮಾತ್ರ. ಮಂಗಳೂರು, ಬೆಂಗಳೂರು ಕೂಲಿಂಗ್ ಗಾಡಿ ಸಿಕ್ಕ ಮೇಲೆ. ಮಾರ್ಕೆಟಿಂಗ್‌ನವರು ಒಪ್ಪಿಲ್ಲ, ಬೆಂಗಳೂರಿನ ಜಾಹೀರಾತಿಗೆ ಅಡ್ವಾನ್ಸ್ ಹೋಗಿದೆ ಅಂತಾರೆ. ಆ ದುಡ್ಡು ಹೋದರೆ ಹೋಗಲಿ ಅಂತ ಸಾಹುಕಾರರು ಹೇಳಿದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಹಳೇ ಲೇಬಲ್ ರದ್ದಿಗೆ. ಹೊಸ ಲೇಬಲ್‌ನ ಮುಂಭಾಗದಲ್ಲೇ "ಕಾಫಿ 80%, ಚಿಕೋರಿ 20%". ಕುಯ್ಲಿನ ತಿಂಗಳುಗಳಿಗೆ ಕೂಲಿ ಏರಿಸುವ ಲೆಕ್ಕವನ್ನು ಅಕೌಂಟ್ಸ್‌ನವರು ಸೆಪ್ಟೆಂಬರ್ 5ರೊಳಗೆ ಕೊಡಬೇಕು. ಆಹಾರ ಸುರಕ್ಷತಾ ಲ್ಯಾಬ್‌ಗೆ ಸ್ಯಾಂಪಲ್ ಇದೇ ವಾರ ಹೋಗಬೇಕು. 14 ದಿನದ ಬಾಳಿಕೆಯನ್ನು ಅವರು ಒಪ್ಪದಿದ್ದರೆ ಬಿಡುಗಡೆಯೇ ಮುಂದಕ್ಕೆ.

ಸೋಮವಾರದಿಂದ ಎರಡೂ ಊರಿನ ಅಂಗಡಿಗಳ ಫ್ರಿಜ್‌ನಲ್ಲಿ ಟೆಂಪರೇಚರ್ ಲಾಗರ್ ಇಡುತ್ತೇವೆ. ಅಂಗಡಿಯವರಿಗೆ ಹೇಳಿಯೇ ಇಡಿ, ಕದ್ದು ಬೇಡ. ರಾತ್ರಿ ಕರೆಂಟ್ ಖರ್ಚು ನಾವೇ ಕೊಟ್ಟರೆ ಎಷ್ಟಾಗುತ್ತೆ ಅಂತಲೂ ಅವರನ್ನೇ ಕೇಳಿ ಬನ್ನಿ. ಸೆಪ್ಟೆಂಬರ್ 20ಕ್ಕೆ ಲೆಕ್ಕ ನೋಡುತ್ತೇವೆ. 4 ಡಿಗ್ರಿ ದಾಟಿದ ಅಂಗಡಿಗೆ ಮಾಲು ಇಲ್ಲ, ಎಷ್ಟೇ ಹಳೇ ಗಿರಾಕಿಯಾದರೂ.