ಮಾವನ ಪರಿಚಯ, ಐವತ್ತು ಪದದಲ್ಲಿ

ಮಾವಾ,

ನೀರಿನ ಸಮ್ಮೇಳನದವರು ಕೇಳಿದ ಪರಿಚಯ ಸಿದ್ಧವಾಗಿದೆ. ಲೆಕ್ಕ ಹಾಕಿ ಐವತ್ತೇ ಪದ. ಹೆಸರು ಅವರೇ ಫೋಟೋದ ಮೇಲೆ ದೊಡ್ಡದಾಗಿ ಹಾಕುತ್ತಾರಂತೆ, ಹಾಗಾಗಿ ಅದನ್ನು ಸೇರಿಸಿಲ್ಲ. ವೇದಿಕೆಯಲ್ಲಿ ಓದುವುದೂ ಇದನ್ನೇ.

"ಬಾಯಾರಿನ ಕೃಷಿಕರು. ಮಂಜೇಶ್ವರ ತಾಲೂಕಿನ ಕನ್ನಡ ಶಾಲೆಗಳಲ್ಲಿ 29 ವರ್ಷ ಸಮಾಜ ವಿಜ್ಞಾನ ಕಲಿಸಿ, 2017ರಲ್ಲಿ ನಿವೃತ್ತರಾದರು. ಗಡಿಭಾಗದ ಮುರಕಲ್ಲಿನ ಗುಡ್ಡಗಳಲ್ಲಿ ಅಗೆದ ಸುರಂಗಗಳನ್ನು 1996ರಿಂದ ಅಳೆಯುತ್ತಿದ್ದಾರೆ; ಈವರೆಗೆ 143 ಸುರಂಗಗಳ ಉದ್ದ, ಅಗೆದವರ ಹೆಸರು, ನೀರಿನ ಹರಿವು ಬರೆದಿಟ್ಟಿದ್ದಾರೆ. ಪ್ರತಿ ಏಪ್ರಿಲಿನಲ್ಲಿ ಒಂದು ಬಕೆಟ್ ತುಂಬಲು ಎಷ್ಟು ಸೆಕೆಂಡು ಬೇಕೆಂದು ವಾಚು ಹಿಡಿದು ನೋಡುವುದು ಅವರ ಕ್ರಮ. ಅವರ ಅಡಿಕೆ ತೋಟಕ್ಕೆ ಇಂದಿಗೂ ನೀರು ಮನೆಯ ಸುರಂಗದಿಂದಲೇ ಬರುತ್ತದೆ."

ನೀವು ಕಳಿಸಿದ್ದು ಇದು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿ:

"ಕಾಸರಗೋಡು ಜಿಲ್ಲೆಯ ಬಾಯಾರಿನ ಕೃಷಿಕ ಕುಟುಂಬದಲ್ಲಿ 1961ರಲ್ಲಿ ಜನಿಸಿದ ಇವರು ಊರಿನ ಕನ್ನಡ ಶಾಲೆಯಲ್ಲಿ ಪ್ರಾಥಮಿಕ ವಿದ್ಯಾಭ್ಯಾಸ ಪೂರೈಸಿ, ಕಾಸರಗೋಡು ಸರಕಾರಿ ಕಾಲೇಜಿನಿಂದ ಬಿ.ಎ. ಪದವಿಯನ್ನೂ ತರುವಾಯ ಬಿ.ಎಡ್. ಪದವಿಯನ್ನೂ ಪಡೆದು, 1988ರಲ್ಲಿ ಸಮಾಜ ವಿಜ್ಞಾನ ಅಧ್ಯಾಪಕರಾಗಿ ಸರಕಾರಿ ಸೇವೆಗೆ ಸೇರಿ, ಅಂದಿನ ಕಾಸರಗೋಡು ತಾಲೂಕಿನ ಮೂರು ಕನ್ನಡ ಮಾಧ್ಯಮ ಶಾಲೆಗಳಲ್ಲಿ 29 ವರ್ಷ ಸೇವೆ ಸಲ್ಲಿಸಿ, 2017ರ ಮೇ 31ರಂದು ನಿವೃತ್ತರಾಗಿರುತ್ತಾರೆ. ಸೇವಾವಧಿಯಲ್ಲಿ ಸ್ಕೌಟ್ ಅಧ್ಯಾಪಕರಾಗಿ, ಶಾಲಾ ಕಲೋತ್ಸವದ ತೀರ್ಪುಗಾರರಾಗಿ, ಎಸ್ಸೆಸ್ಸೆಲ್ಸಿ ಮೌಲ್ಯಮಾಪಕರಾಗಿ, ಏಳು ಚುನಾವಣೆಗಳಲ್ಲಿ ಮತಗಟ್ಟೆ ಅಧಿಕಾರಿಯಾಗಿ ಕರ್ತವ್ಯ ನಿರ್ವಹಿಸಿರುತ್ತಾರೆ. ತಾಳಮದ್ದಳೆಯ ಹವ್ಯಾಸಿ ಅರ್ಥಧಾರಿಯಾಗಿ, ಊರ ದೇವಸ್ಥಾನದ ಬ್ರಹ್ಮಕಲಶೋತ್ಸವ ಸಮಿತಿಯ ಜತೆ ಕಾರ್ಯದರ್ಶಿಯಾಗಿ, ಹಾಲಿನ ಸೊಸೈಟಿಯ ನಿರ್ದೇಶಕರಾಗಿ ದುಡಿದಿರುತ್ತಾರೆ. ಐದು ಕಡೆ ಸನ್ಮಾನ ಸ್ವೀಕರಿಸಿರುತ್ತಾರೆ. ಪುರುಸೊತ್ತಿನ ವೇಳೆ ಸುರಂಗಗಳ ಬಗ್ಗೆಯೂ ಆಸಕ್ತಿ ಹೊಂದಿರುತ್ತಾರೆ."

ಅಲ್ಲ ಮಾವಾ, ಅವರು ನಿಮ್ಮನ್ನು ಕರೆದದ್ದೇ ಸುರಂಗದ ವಿಷಯಕ್ಕೆ. ಅದು ಕೊನೆಯ ಸಾಲಿನಲ್ಲಿ, ಅದೂ "ಪುರುಸೊತ್ತಿನ ವೇಳೆ"! ರಜೆ ಸಿಕ್ಕಿದಾಗಲೆಲ್ಲ ಟಾರ್ಚು, ಟೇಪು ಹಿಡಿದು ಗುಡ್ಡ ಹತ್ತಿದ ಮನುಷ್ಯ ಹೀಗೆ ಬರೆಯುವುದಾ? ಒಳಗೆ ಗಾಳಿ ಉಂಟಾ ಇಲ್ಲವಾ ಅಂತ ಮೋಂಬತ್ತಿ ಹೊತ್ತಿಸಿ ನೋಡುತ್ತಿದ್ದದ್ದು, ಅದು ಆರಿದರೆ ನಮ್ಮನ್ನು ಓಡಿ ಬರಲು ಹೇಳುತ್ತಿದ್ದದ್ದು ನನಗೆ ಇನ್ನೂ ನೆನಪಿದೆ.

ನಿಮ್ಮ ಬರಹದಲ್ಲಿ ಸುರಂಗದ ಒಂದೇ ಒಂದು ಅಂಕಿ ಇರಲಿಲ್ಲ. ಅದಕ್ಕೆ ಅತ್ತೆಗೆ ಫೋನ್ ಮಾಡಿ ನೋಟ್‌ಬುಕ್ ತೆಗೆಸಿದೆ. ಮೊದಲ ಪುಟದಲ್ಲಿ 1996 ಅಂತ ಇದೆಯಂತೆ. ಅತ್ತೆ ಎಣಿಸಿದಾಗ 143 ಬಂತು. ಎರಡು ಪುಟ ಒದ್ದೆಯಾಗಿ ಅಂಟಿಕೊಂಡಿವೆಯಂತೆ, ಅದನ್ನೊಮ್ಮೆ ನೀವೇ ಬಿಡಿಸಿ ನೋಡಿ. ಲೆಕ್ಕ ಜಾಸ್ತಿಯಾದರೆ ತಿದ್ದುವ, ಪದದ ಸಂಖ್ಯೆ ಬದಲಾಗುವುದಿಲ್ಲ.

ತಾಲೂಕಿನ ಹೆಸರು ಬದಲಿಸಿದ್ದೇನೆ. ಮಂಜೇಶ್ವರ ತಾಲೂಕು ಆದದ್ದು 2014ರಲ್ಲಿ, ನೀವು ಸೇರುವಾಗ ಇರಲಿಲ್ಲ, ನಿಜ. ಆದರೆ ಕೇಳುವವರಿಗೆ ಶಾಲೆ ಎಲ್ಲಿ ಅಂತ ಗೊತ್ತಾದರೆ ಸಾಕಲ್ವಾ? ಚುನಾವಣೆ, ಮೌಲ್ಯಮಾಪನ ಎಲ್ಲ ಮೇಷ್ಟ್ರುಗಳಿಗೂ ಇದ್ದದ್ದೇ, ತೆಗೆದೆ. ಸನ್ಮಾನವನ್ನೂ ತೆಗೆದೆ, ಬೇಸರ ಮಾಡಬೇಡಿ. ತಾಳಮದ್ದಳೆ ತೆಗೆಯುವಾಗ ಮಾತ್ರ ಸ್ವಲ್ಪ ಹಿಂದೆಮುಂದೆ ನೋಡಿದೆ. ಆದರೆ ನೀವು ಮೈಕ್ ಹಿಡಿದ ಎರಡು ನಿಮಿಷಕ್ಕೇ ಅದು ಜನರಿಗೆ ಗೊತ್ತಾಗುತ್ತದೆ.

ಉದ್ದವನ್ನು ನೀವು ಕೋಲಿನಲ್ಲೇ ಬರೆದಿದ್ದೀರಿ. ಒಂದು ಕೋಲು ಅಂದರೆ ಸುಮಾರು 72 ಸೆಂಟಿಮೀಟರ್ ಅಂತ ಬಿಡಿಸಿ ಹೇಳಲು ಇಲ್ಲಿ ಜಾಗವಿಲ್ಲ. ಭಾಷಣದಲ್ಲಿ ಹೇಳಿ. ಬೇರೆ ಕಡೆಯಿಂದ ಬಂದವರೂ ಇರುತ್ತಾರೆ, ಬಾವಿ ಅಂದರೆ ಕೆಳಕ್ಕೆ ತೋಡುವುದು ಅಂತಲೇ ಅವರ ಲೆಕ್ಕ. ಗುಡ್ಡಕ್ಕೆ ಅಡ್ಡಲಾಗಿ ಕೊರೆದು, ಪಂಪಿಲ್ಲದೆ ನೀರು ತಾನಾಗಿ ಹರಿದು ಬರುತ್ತದೆ ಎಂಬುದನ್ನು ಶುರುವಿನಲ್ಲೇ ಹೇಳಿಬಿಡಿ.

ಶುಕ್ರವಾರದೊಳಗೆ "ಸರಿ" ಅಂತ ಒಂದು ಮೆಸೇಜ್ ಹಾಕಿ, ನಾನೇ ಅವರಿಗೆ ಕಳಿಸುತ್ತೇನೆ. ಫೋಟೋಕ್ಕೆ ಶಾಲು ಹೊದ್ದು ಹಣ್ಣಿನ ಬುಟ್ಟಿ ಹಿಡಿದದ್ದು ಬೇಡ. ಸುರಂಗದ ಬಾಯಲ್ಲಿ ಮಂಡಿಯವರೆಗೆ ಕೆಸರು ಮಾಡಿಕೊಂಡು ನಿಂತದ್ದು ಒಂದಿದೆಯಲ್ಲ, ಅತ್ತೆಯ ಮೊಬೈಲಿನಲ್ಲಿ. ಅದನ್ನು ಕಳಿಸಿ.

ವಿದ್ಯಾ