ಕೋಲಾರ ಚಿನ್ನದ ಗಣಿ: ಉಪನ್ಯಾಸದ ಸಾರಾಂಶ ಮತ್ತು ಅದರಿಂದ ತೆಗೆದ ಪ್ರಶ್ನೋತ್ತರ ಕಾರ್ಡುಗಳು

ಕೋಲಾರದ ನಮ್ಮ ಓದುಬಳಗದಲ್ಲಿ ಕಳೆದ ಭಾನುವಾರ ನಿವೃತ್ತ ಇತಿಹಾಸ ಉಪನ್ಯಾಸಕರೊಬ್ಬರು ಕೆಜಿಎಫ್ ಕುರಿತು ಮಾತನಾಡಿದರು. ಅಂದು ಬರೆದುಕೊಂಡ ಸಾರಾಂಶವನ್ನು ಮೊದಲು ಕೊಟ್ಟು, ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಬಳಗದ ಸದಸ್ಯರಿಗಾಗಿ ಅದರ ಕೆಳಗೆ ಕಾರ್ಡುಗಳನ್ನು ಕೊಡಲಾಗಿದೆ. ಸರಿ ಅಥವಾ ತಪ್ಪು ಎಂದು ಖಚಿತವಾಗಿ ಹೇಳಬಹುದಾದ ಸಂಗತಿ ಮಾತ್ರ ಕಾರ್ಡಿಗೆ ಬಂದಿದೆ.

ಸಾರಾಂಶ

ಕೋಲಾರದ ನೆಲದಲ್ಲಿ ಚಿನ್ನವಿದೆಯೆಂಬುದು ಸ್ಥಳೀಯರಿಗೆ ಬಹುಕಾಲದಿಂದ ತಿಳಿದಿತ್ತು. ಮೈಸೂರು ಗಡಿಯ ಸರ್ವೆಯಲ್ಲಿದ್ದ ಲೆಫ್ಟಿನೆಂಟ್ ಜಾನ್ ವಾರನ್ 1802ರಲ್ಲಿ ಇದನ್ನು ದಾಖಲಿಸಿದನು. ನಿವೃತ್ತ ಸೈನಿಕ ಲವೆಲ್ 1873ರಲ್ಲಿ ಗಣಿಗಾರಿಕೆಯ ಹಕ್ಕಿಗಾಗಿ ಮೈಸೂರು ಸರ್ಕಾರಕ್ಕೆ ಅರ್ಜಿ ಹಾಕಿದನಾದರೂ, ಗಣಿ ನಿಜವಾಗಿ ಲಾಭದ ದಾರಿ ಹಿಡಿದದ್ದು 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಬಂದ ನಂತರ. ಉತ್ತರ-ದಕ್ಷಿಣವಾಗಿ ಸುಮಾರು 80 ಕಿಲೋಮೀಟರ್ ಚಾಚಿರುವ ಶಿಸ್ಟ್ ಎಂಬ ಪದರುಗಲ್ಲಿನ ಶಿಲಾಪಟ್ಟಿಯೊಳಗಿನ ಸ್ಫಟಿಕಶಿಲೆಯ ಸಿರಗಳಲ್ಲಿ, ಅಂದರೆ ಬಂಡೆಯ ಬಿರುಕುಗಳಲ್ಲಿ ತುಂಬಿಕೊಂಡ ಪಟ್ಟೆಗಳಲ್ಲಿ, ಇಲ್ಲಿನ ಚಿನ್ನ ದೊರೆಯುತ್ತಿತ್ತು, ಅವುಗಳಲ್ಲಿ ಚಾಂಪಿಯನ್ ಸಿರವೇ ಮುಖ್ಯವಾದುದು. ಅದಿರನ್ನು ಪುಡಿಮಾಡಿ ಸೈನೈಡ್ ದ್ರಾವಣದಿಂದ ಚಿನ್ನ ತೆಗೆಯುತ್ತಿದ್ದರು, ಉಳಿದ ಪುಡಿಯೇ ಇಂದು ಊರಿನ ಸುತ್ತ ಕಾಣುವ ಸೈನೈಡ್ ದಿಬ್ಬ. ಚಾಂಪಿಯನ್ ರೀಫ್ ಗಣಿ ಸುಮಾರು 3.2 ಕಿಲೋಮೀಟರ್ ಆಳಕ್ಕೆ ಇಳಿದಿತ್ತು. ಅಷ್ಟು ಆಳದಲ್ಲಿ ಬಿಸಿಯೂ ಬಂಡೆ ಸಿಡಿಯುವ ಅಪಾಯವೂ ಕೂಡಿದ್ದವು.

1902ರ ಜೂನ್ 30ರಂದು ಶಿವನಸಮುದ್ರದ ಜಲವಿದ್ಯುತ್ ಗಣಿಗೆ ಬಂದಿತು. ಬೆಂಗಳೂರಿನ ಬೀದಿಗಳಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ, ಅಂದರೆ ಚಿನ್ನ ರಾಜಧಾನಿಯನ್ನೂ ಹಿಂದೆ ಹಾಕಿತ್ತು. ಈ ಯೋಜನೆಯ ಹಿಂದೆ ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ದೂರದೃಷ್ಟಿ ಇತ್ತು. ಬೇತಮಂಗಲದ ಕೆರೆಯಿಂದ ನೀರು ಬಂದಿತು, ಬೌರಿಂಗ್‌ಪೇಟೆಯಿಂದ ರೈಲು ಬಂದಿತು, ಇಂಗ್ಲಿಷ್ ಅಧಿಕಾರಿಗಳ ಬಂಗಲೆಗಳು ಎದ್ದು ಊರಿಗೆ ಲಿಟಲ್ ಇಂಗ್ಲೆಂಡ್ ಎಂಬ ಹೆಸರು ಅಂಟಿಕೊಂಡಿತು. ಆದರೆ ನೂರಾರು ಟನ್ ಚಿನ್ನ ಕೊಟ್ಟ ಕಾರ್ಮಿಕನ ಬದುಕು ಮಾತ್ರ ಕತ್ತಲಲ್ಲೇ ಉಳಿಯಿತು.

1956ರಲ್ಲಿ ಮೈಸೂರು ರಾಜ್ಯ ಸರ್ಕಾರವು ಗಣಿಗಳನ್ನು ರಾಷ್ಟ್ರೀಕರಣಗೊಳಿಸಿತು, 1962ರಲ್ಲಿ ಅವು ಕೇಂದ್ರ ಸರ್ಕಾರಕ್ಕೆ ಹೋದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಸ್ಥಾಪನೆಯಾಯಿತು. 1965ರಲ್ಲಿ ಇದೇ ಗಣಿಯ ಆಳದಲ್ಲಿ ವಿಜ್ಞಾನಿಗಳು ಜಗತ್ತಿಗೇ ಮೊದಲು ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋ ಎಂಬ ಅತಿಸೂಕ್ಷ್ಮ ಕಣಗಳನ್ನು ಗುರುತಿಸಿದರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಸರಿಯಾದ ಯೋಜನೆ ಇದ್ದಿದ್ದರೆ ಮುಚ್ಚುವ ಅಗತ್ಯವೇ ಇರಲಿಲ್ಲ.

ಕಾರ್ಡುಗಳು

1. ಪ್ರಶ್ನೆ: ಕೋಲಾರ ಪ್ರದೇಶದ ಚಿನ್ನದ ಬಗ್ಗೆ 1802ರಲ್ಲಿ ದಾಖಲೆ ಮಾಡಿದ ಬ್ರಿಟಿಷ್ ಅಧಿಕಾರಿ ಯಾರು?
ಉತ್ತರ: ಮೈಸೂರು ಗಡಿಯ ಸರ್ವೆಯಲ್ಲಿದ್ದ ಲೆಫ್ಟಿನೆಂಟ್ ಜಾನ್ ವಾರನ್.

ಸ್ಥಳೀಯರಿಗೆ ಮೊದಲೇ ತಿಳಿದಿತ್ತೆಂಬ ಮಾತು ನಿಜವೇ ಆದುದರಿಂದ ಪ್ರಶ್ನೆಯಲ್ಲಿ ‘ಕಂಡುಹಿಡಿದವರು’ ಎನ್ನದೆ ‘ದಾಖಲೆ ಮಾಡಿದವರು’ ಎಂದಿದೆ.

2. ಪ್ರಶ್ನೆ: 1873ರಲ್ಲಿ ಕೋಲಾರದಲ್ಲಿ ಗಣಿಗಾರಿಕೆಯ ಹಕ್ಕು ಕೋರಿ ಮೈಸೂರು ಸರ್ಕಾರಕ್ಕೆ ಅರ್ಜಿ ಸಲ್ಲಿಸಿದ ನಿವೃತ್ತ ಸೈನಿಕ ಯಾರು?
ಉತ್ತರ: ಲವೆಲ್.

3. ಪ್ರಶ್ನೆ: ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯು ಕೋಲಾರದ ಗಣಿಗಾರಿಕೆಗೆ ಬಂದದ್ದು ಯಾವ ವರ್ಷ?
ಉತ್ತರ: 1880.

4. ಪ್ರಶ್ನೆ: ಕೋಲಾರದ ಚಿನ್ನವನ್ನು ಹೊಂದಿರುವ ಶಿಲಾಪಟ್ಟಿ ಯಾವ ಬಗೆಯದು, ಮತ್ತು ಅದು ಯಾವ ದಿಕ್ಕಿನಲ್ಲಿ ಚಾಚಿದೆ?
ಉತ್ತರ: ಅದು ಶಿಸ್ಟ್ ಶಿಲಾಪಟ್ಟಿ, ಉತ್ತರ-ದಕ್ಷಿಣವಾಗಿ ಚಾಚಿದೆ.

ಒಂದು ಕಾರ್ಡಿಗೆ ಒಂದೇ ಸಂಗತಿ ಎಂಬ ನಿಯಮವನ್ನು ಇಲ್ಲಿ ಬೇಕೆಂದೇ ಸಡಿಲಿಸಲಾಗಿದೆ, ಏಕೆಂದರೆ ನಕ್ಷೆಯ ಪ್ರಶ್ನೆಯಲ್ಲಿ ಇವೆರಡೂ ಜೊತೆಯಾಗಿಯೇ ಬೇಕಾಗುತ್ತವೆ. ಉದ್ದದ ಅಂಕಿ ಅಂದಾಜಿನದಾದ ಕಾರಣ ಅದಕ್ಕೆ ಕಾರ್ಡಿಲ್ಲ.

5. ಪ್ರಶ್ನೆ: ಆ ಶಿಲಾಪಟ್ಟಿಯಲ್ಲಿ ಚಿನ್ನವು ಯಾವ ಶಿಲೆಯ ಸಿರಗಳಲ್ಲಿ ದೊರೆಯುತ್ತಿತ್ತು?
ಉತ್ತರ: ಸ್ಫಟಿಕಶಿಲೆ, ಅಂದರೆ ಕ್ವಾರ್ಟ್ಜ್‌ನ ಸಿರಗಳಲ್ಲಿ.

6. ಪ್ರಶ್ನೆ: ಕೋಲಾರದ ಸಿರಗಳಲ್ಲಿ ಅತ್ಯಂತ ಮುಖ್ಯವಾದ ಚಿನ್ನದ ಸಿರ ಯಾವುದು?
ಉತ್ತರ: ಚಾಂಪಿಯನ್ ಸಿರ.

7. ಪ್ರಶ್ನೆ: ಪುಡಿಮಾಡಿದ ಅದಿರಿನಿಂದ ಚಿನ್ನವನ್ನು ಕರಗಿಸಿ ಬೇರ್ಪಡಿಸಲು ಬಳಸುತ್ತಿದ್ದ ದ್ರಾವಣ ಯಾವುದು?
ಉತ್ತರ: ಸೈನೈಡ್ ದ್ರಾವಣ.

8. ಪ್ರಶ್ನೆ: ಕೆಜಿಎಫ್‌ನ ಸೈನೈಡ್ ದಿಬ್ಬಗಳಲ್ಲಿ ಇರುವುದೇನು?
ಉತ್ತರ: ಚಿನ್ನ ತೆಗೆದ ನಂತರ ಉಳಿದ ಅದಿರಿನ ಪುಡಿ.

ಹೆಸರು ಕೇಳಿ ದಿಬ್ಬ ಪೂರ್ತಿ ಸೈನೈಡ್‌ನದೇ ಎಂದುಕೊಳ್ಳುವವರು ಕೋಲಾರದಲ್ಲೇ ಬಹಳ ಮಂದಿ ಇದ್ದಾರೆ, ಆದ್ದರಿಂದ ಏಳನೆಯ ಕಾರ್ಡಿನೊಡನೆ ಬೆರೆಸದೆ ಇದನ್ನು ಪ್ರತ್ಯೇಕವಾಗಿ ಇಡಲಾಗಿದೆ.

9. ಪ್ರಶ್ನೆ: ಕೋಲಾರದಲ್ಲಿ ಸುಮಾರು 3.2 ಕಿಲೋಮೀಟರ್ ಆಳಕ್ಕೆ ಇಳಿದಿದ್ದ ಗಣಿ ಯಾವುದು?
ಉತ್ತರ: ಚಾಂಪಿಯನ್ ರೀಫ್ ಗಣಿ.

ಆಳವೆಷ್ಟು ಎಂದು ಕೇಳಿದರೆ ಅಡಿ, ಮೀಟರು, ಮೈಲಿಗಳ ಜಗಳ ಬರುತ್ತದೆ. ಅದಕ್ಕಾಗಿ ಅಂಕಿಯನ್ನು ಪ್ರಶ್ನೆಯಲ್ಲಿಟ್ಟು ಹೆಸರನ್ನು ಉತ್ತರವಾಗಿಸಲಾಗಿದೆ.

10. ಪ್ರಶ್ನೆ: ಕೋಲಾರದ ಗಣಿಗಳಿಗೆ ಶಿವನಸಮುದ್ರದ ವಿದ್ಯುತ್ ಮೊದಲು ಪೂರೈಕೆಯಾದ ದಿನಾಂಕ ಯಾವುದು?
ಉತ್ತರ: 1902ರ ಜೂನ್ 30.

11. ಪ್ರಶ್ನೆ: ಶಿವನಸಮುದ್ರದ ವಿದ್ಯುತ್ ಕೇಂದ್ರ ಯಾವ ನದಿಯ ಮೇಲಿದೆ?
ಉತ್ತರ: ಕಾವೇರಿ ನದಿಯ ಮೇಲಿದೆ.

ಉಪನ್ಯಾಸದಲ್ಲಿ ನದಿಯ ಹೆಸರನ್ನು ಹೇಳಲಿಲ್ಲ, ಕೇಳುಗರಿಗೆ ಗೊತ್ತೆಂದು ಬಿಟ್ಟಿರಬೇಕು. ಸಾರಾಂಶದಲ್ಲಿ ಇಲ್ಲದ ಸಂಗತಿಯನ್ನು ಸೇರಿಸಿದ್ದು ಇಲ್ಲಿ, 13ರಲ್ಲಿ, 15ರಲ್ಲಿ, 16ರಲ್ಲಿ ಮತ್ತು 22ರಲ್ಲಿ ಮಾತ್ರ.

12. ಪ್ರಶ್ನೆ: ಕೆಜಿಎಫ್ ಮತ್ತು ಬೆಂಗಳೂರಿನ ಬೀದಿಗಳು, ಇವೆರಡರಲ್ಲಿ ವಿದ್ಯುತ್ ಮೊದಲು ಬಂದದ್ದು ಎಲ್ಲಿಗೆ?
ಉತ್ತರ: ಕೆಜಿಎಫ್‌ಗೆ 1902ರಲ್ಲಿ, ಬೆಂಗಳೂರಿನ ಬೀದಿಗಳಿಗೆ 1905ರಲ್ಲಿ.

13. ಪ್ರಶ್ನೆ: ಶಿವನಸಮುದ್ರದಿಂದ ಕೋಲಾರಕ್ಕೆ ವಿದ್ಯುತ್ ಹರಿದಾಗ ಮೈಸೂರಿನ ದಿವಾನರಾಗಿದ್ದವರು ಶೇಷಾದ್ರಿ ಅಯ್ಯರ್ ಅವರೇ?
ಉತ್ತರ: ಅಲ್ಲ. ಯೋಜನೆ ಕೈಗೆತ್ತಿಕೊಂಡದ್ದು ಅವರ ಕಾಲದಲ್ಲಿ, ಆದರೆ ಅವರು 1901ರಲ್ಲಿ ತೀರಿಕೊಂಡಿದ್ದರು. ವಿದ್ಯುತ್ ಬಂದಾಗ ದಿವಾನರಾಗಿದ್ದವರು ಪಿ.ಎನ್. ಕೃಷ್ಣಮೂರ್ತಿ.

‘ದೂರದೃಷ್ಟಿ’ ಎಂಬ ಪದಕ್ಕೆ ಅಂಕ ಕೊಡಲು ಯಾವ ಪರೀಕ್ಷಕರಿಗೂ ಸಾಧ್ಯವಿಲ್ಲ. ಆದರೆ ಆ ವಾಕ್ಯವನ್ನು ಹಾಗೆಯೇ ಓದಿದವರು 1902ರಲ್ಲೂ ಶೇಷಾದ್ರಿ ಅಯ್ಯರ್ ಅವರೇ ದಿವಾನರೆಂದು ಗುರುತು ಹಾಕಿ ಬರುವ ಅಪಾಯ ಇರುವುದರಿಂದ, ಹೊಗಳಿಕೆಯನ್ನು ಬಿಟ್ಟು ಕಾಲಕ್ರಮವನ್ನು ಉಳಿಸಿಕೊಳ್ಳಲಾಗಿದೆ. ಈ ಗುಚ್ಛದಲ್ಲಿ ಹೆಚ್ಚು ಸಲ ತಿರುವಬೇಕಾದ ಕಾರ್ಡು ಇದು.

14. ಪ್ರಶ್ನೆ: ಕೆಜಿಎಫ್‌ಗೆ ಕುಡಿಯುವ ನೀರು ಒದಗಿಸಿದ ಕೆರೆ ಯಾವುದು?
ಉತ್ತರ: ಬೇತಮಂಗಲದ ಕೆರೆ.

15. ಪ್ರಶ್ನೆ: ಬೌರಿಂಗ್‌ಪೇಟೆಯ ಇಂದಿನ ಹೆಸರೇನು?
ಉತ್ತರ: ಬಂಗಾರಪೇಟೆ.

16. ಪ್ರಶ್ನೆ: ಬೌರಿಂಗ್‌ಪೇಟೆಗೆ ಆ ಹೆಸರು ಬಂದದ್ದು ಯಾರಿಂದ?
ಉತ್ತರ: ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್ ಅವರಿಂದ.

17. ಪ್ರಶ್ನೆ: ಬ್ರಿಟಿಷರ ಕಾಲದಲ್ಲಿ ಕೆಜಿಎಫ್‌ಗೆ ಇದ್ದ ಅಡ್ಡಹೆಸರು ಯಾವುದು?
ಉತ್ತರ: ಲಿಟಲ್ ಇಂಗ್ಲೆಂಡ್.

18. ಪ್ರಶ್ನೆ: 1956ರಲ್ಲಿ ಕೋಲಾರದ ಗಣಿಗಳನ್ನು ರಾಷ್ಟ್ರೀಕರಣಗೊಳಿಸಿದ್ದು ಯಾವ ಸರ್ಕಾರ?
ಉತ್ತರ: ಮೈಸೂರು ರಾಜ್ಯ ಸರ್ಕಾರ.

19. ಪ್ರಶ್ನೆ: ಗಣಿಗಳು ಕೇಂದ್ರ ಸರ್ಕಾರದ ಕೈಗೆ ಹೋದದ್ದು ಯಾವ ವರ್ಷ?
ಉತ್ತರ: 1962.

20. ಪ್ರಶ್ನೆ: ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಸ್ಥಾಪನೆಯಾದ ವರ್ಷ ಯಾವುದು?
ಉತ್ತರ: 1972.

ಸಾರಾಂಶದಲ್ಲಿ 18, 19, 20 ಒಂದೇ ವಾಕ್ಯದಲ್ಲಿವೆ. ಒಂದೇ ಕಾರ್ಡಿನಲ್ಲಿ ಮೂರು ಇಸವಿಗಳನ್ನು ಇಟ್ಟರೆ ಎರಡು ನೆನಪಾದವರು ಮೂರೂ ಬಂತೆಂದು ಮುಂದಕ್ಕೆ ಹೋಗುತ್ತಾರೆ. 18ರಲ್ಲಿ ಮಾತ್ರ ಇಸವಿಯ ಬದಲು ಸರ್ಕಾರವನ್ನು ಕೇಳಲಾಗಿದೆ, ಏಕೆಂದರೆ ‘ರಾಷ್ಟ್ರೀಕರಣ’ ಎಂದ ಕೂಡಲೇ ಕೇಂದ್ರ ಸರ್ಕಾರ ಎಂದು ಬರೆಯುವುದು ಸಹಜ.

21. ಪ್ರಶ್ನೆ: ಕೋಲಾರದ ಗಣಿಯ ಆಳದಲ್ಲಿ ವಾಯುಮಂಡಲದ ನ್ಯೂಟ್ರಿನೋಗಳನ್ನು ಗುರುತಿಸಿದ ವರ್ಷ ಯಾವುದು?
ಉತ್ತರ: 1965.

ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲಿಯೂ ಇಂಥದೇ ಪ್ರಯೋಗ ಫಲ ಕೊಟ್ಟಿದ್ದರಿಂದ ‘ಜಗತ್ತಿಗೇ ಮೊದಲು’ ಎಂಬ ಭಾಗವನ್ನು ಕೇಳಿಲ್ಲ. ಸ್ಥಳ ಮತ್ತು ಇಸವಿಯ ಬಗ್ಗೆ ಯಾರ ತಕರಾರೂ ಇಲ್ಲ.

22. ಪ್ರಶ್ನೆ: ನ್ಯೂಟ್ರಿನೋ ಪ್ರಯೋಗಕ್ಕೆ ಅಷ್ಟು ಆಳವಾದ ಗಣಿಯೇ ಏಕೆ ಬೇಕಾಯಿತು?
ಉತ್ತರ: ಮೇಲಿನ ಬಂಡೆಯ ಪದರವು ವಿಶ್ವಕಿರಣಗಳಿಂದ ಹುಟ್ಟುವ ಇತರ ಕಣಗಳನ್ನು ತಡೆಯುತ್ತದೆ. ನ್ಯೂಟ್ರಿನೋಗಳು ಮಾತ್ರ ಬಂಡೆಯನ್ನು ಹಾದು ಬರುವುದರಿಂದ ಅವುಗಳ ಸುಳಿವನ್ನು ಆಳದಲ್ಲಿ ಬೇರ್ಪಡಿಸಿ ಗುರುತಿಸಬಹುದು.

23. ಪ್ರಶ್ನೆ: ಕೋಲಾರದ ಚಿನ್ನದ ಗಣಿ ಮುಚ್ಚಿದ ದಿನಾಂಕ ಯಾವುದು?
ಉತ್ತರ: 2001ರ ಫೆಬ್ರವರಿ 28.

ಕಾರ್ಡಾಗದೆ ಉಳಿದ ವಾಕ್ಯಗಳು

‘ಕಾರ್ಮಿಕನ ಬದುಕು ಕತ್ತಲಲ್ಲೇ ಉಳಿಯಿತು’ ಎಂಬ ಮಾತಿಗೆ ಅಂದು ಸಭೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಚಪ್ಪಾಳೆ ಬಿದ್ದಿತು. ಗಣಿಯಲ್ಲಿ ದುಡಿದ ಮನೆತನದವರು ನಮ್ಮ ಬಳಗದಲ್ಲೇ ಇರುವುದರಿಂದ ಅದು ಸುಳ್ಳೆಂದು ಹೇಳುವ ಧೈರ್ಯ ಯಾರಿಗೂ ಇಲ್ಲ, ಆದರೆ ಪ್ರಬಂಧಕ್ಕೆ ಒದಗುವ ಆ ವಾಕ್ಯಕ್ಕೆ ಒಂದೇ ಸರಿಯುತ್ತರವಿರುವ ಪ್ರಶ್ನೆ ಹುಟ್ಟುವುದಿಲ್ಲ. ‘ನೂರಾರು ಟನ್’ ಎಂಬುದು ಅಂಕಿಯಲ್ಲ, ಅಂಕಿಯ ನೆರಳು. ಬಿಸಿ ಮತ್ತು ಬಂಡೆ ಸಿಡಿತದ ವಾಕ್ಯ ಸತ್ಯವೇ ಆದರೂ ‘ಆಳದಲ್ಲಿ ಯಾವ ಅಪಾಯಗಳಿದ್ದವು’ ಎಂದು ಕೇಳಿದರೆ ಧೂಳು, ನೀರು, ಉಸಿರುಕಟ್ಟು ಎಂದು ಬರೆದ ಉತ್ತರವನ್ನೂ ತಪ್ಪೆನ್ನಲಾಗದು. ‘ಮುಚ್ಚುವ ಅಗತ್ಯವೇ ಇರಲಿಲ್ಲ’ ಎಂಬುದು ಉಪನ್ಯಾಸಕರ ಅಭಿಪ್ರಾಯ. ಅದನ್ನು ಒಪ್ಪುವವರೂ ಒಪ್ಪದವರೂ ಪರೀಕ್ಷೆಯಲ್ಲಿ ಬರೆಯಬೇಕಾದದ್ದು 23ನೆಯ ಕಾರ್ಡಿನ ದಿನಾಂಕವನ್ನೇ.