ಪಂಚಮಿ ಹಬ್ಬದ ಶುಭಾಶಯಗಳು: ಬನಶಂಕರಿ ಹಿಟ್ಟಿನ ಗಿರಣಿ, ಬೆಟಗೇರಿ

ನಮ್ಮ ಗಿರಣಿಗೆ ಡಬ್ಬಿ ಹಿಡಿದು ಬರುವ ಎಲ್ಲ ಅವ್ವಂದಿರಿಗೆ, ಅಕ್ಕ-ತಂಗಿಯರಿಗೆ, ಅಣ್ಣ-ತಮ್ಮಂದಿರಿಗೆ ಶರಣು ಶರಣಾರ್ಥಿ.

ಶ್ರಾವಣ ಬಂತು. ನಾಗರ ಅಮಾವಾಸ್ಯೆ ಆದ ಮೂರನೇ ದಿನಕ್ಕೆ ರೊಟ್ಟಿ ಹಬ್ಬ. ಮರುದಿನ ನಾಗಪ್ಪನಿಗೆ ಹಾಲು ಎರೆಯುವುದು, ಆಮೇಲೆ ಪಂಚಮಿ, ಉಂಡಿ, ಜೋಕಾಲಿ. ತವರಿಗೆ ಬರುವ ಹೆಣ್ಣುಮಕ್ಕಳಿಗೆ, ಅವರ ದಾರಿ ಕಾಯುತ್ತಾ ಕೂತಿರುವ ಅವ್ವಂದಿರಿಗೆ, ಕರೆಯೋಕೆ ಹೊರಟ ಅಣ್ಣಂದಿರಿಗೆ, ಎಲ್ಲರಿಗೂ ಹಬ್ಬ ಚಲೋ ಆಗಲಿ. ಮಳೆ ಬೆಳೆ ಚಲೋ ಬರಲಿ.

ಗಿರಣಿಯವರಾದ ನಮಗೆ ವರ್ಷದಲ್ಲಿ ಎಲ್ಲಕ್ಕಿಂತ ಇಷ್ಟವಾದ ಹಬ್ಬ ಇದೇ. ರೊಟ್ಟಿ ಹಬ್ಬದ ದಿನ ಒಬ್ಬರ ಮನೆಯ ರೊಟ್ಟಿ ಅವರ ಮನೆಯಲ್ಲೇ ಉಳಿಯುವುದಿಲ್ಲ. ಜೋಳದ ರೊಟ್ಟಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಅದರ ಮೇಲೆ ಮಡಕಿ ಕಾಳು, ಎಣ್ಣೆಗಾಯಿ ಬದನೆಕಾಯಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಇಟ್ಟುಕೊಂಡು ತಾಟು ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುತ್ತದೆ. ಅವರ ಮನೆಯಿಂದ ಇವರ ಮನೆಗೆ ಬರುತ್ತದೆ. ಜಾತಿ ಕೇಳುವುದಿಲ್ಲ, ಸಿರಿತನ ಕೇಳುವುದಿಲ್ಲ. ಈ ಓಣಿಯಲ್ಲಿ ಈಗ ಬಾಡಿಗೆಗೆ ಬಂದ ಹೊಸಬರು ಬಹಳ ಇದ್ದಾರೆ. ನೌಕರಿಗೆ ಬಂದವರು, ಓದೋಕೆ ಬಂದ ಹುಡುಗರು. ಅವರಿಗೆ ಇಲ್ಲಿ ಯಾರ ಪರಿಚಯವೂ ಇರುವುದಿಲ್ಲ. ಈ ಸಲ ಅವರ ಬಾಗಿಲಿಗೂ ಒಂದು ತಾಟು ಹೋಗಲಿ ಎನ್ನುವುದು ನಮ್ಮ ಬೇಡಿಕೆ.

ಅದಕ್ಕೆ ನಮ್ಮಿಂದ ಆಗುವುದು ಇಷ್ಟು. ರೊಟ್ಟಿ ಹಬ್ಬಕ್ಕೆ ಹಂಚುವ ರೊಟ್ಟಿಗೆಂದು ತಂದ ಜೋಳ, ಸಜ್ಜಿ ಮನೆಗೆ 2 ಕೆಜಿ ತನಕ ಬೀಸಲು ದುಡ್ಡು ತೆಗೆದುಕೊಳ್ಳುವುದಿಲ್ಲ. ಹಬ್ಬದ ಹಿಂದಿನ ಎರಡು ದಿನ ಈ ಸೌಲಭ್ಯ ಇರುತ್ತದೆ. ಚೀಟಿ, ಕೂಪನ್ ಏನೂ ಬೇಡ. "ಹಂಚೋಕೆ" ಎಂದು ಬಾಯಲ್ಲಿ ಹೇಳಿದರೆ ಸಾಕು.

ಜೋಳದ ಬಗ್ಗೆ ಒಂದೆರಡು ಮಾತು

ರೊಟ್ಟಿಗೆ ಹಿಂಗಾರಿ ಬಿಳಿಜೋಳವೇ ಆಗಬೇಕು. ರೋಣ, ನರಗುಂದ, ನವಲಗುಂದ ಕಡೆಯ ಎರಿ ಹೊಲದಲ್ಲಿ ಬೆಳೆದ ಜೋಳದ ಹಿಟ್ಟು ಬಿಳುಪಾಗಿ ಬರುತ್ತದೆ, ರೊಟ್ಟಿ ಮೆತ್ತಗಾಗುತ್ತದೆ. ಆದರೆ ಜೋಳ ಎಷ್ಟೇ ಚಲೋ ಇದ್ದರೂ ಹಿಟ್ಟು ಹಳೆಯದಾದರೆ ಜಿಗಿ ಹೋಗುತ್ತದೆ. ಬಡಿಯುವಾಗ ಅಂಚು ಬಿರಿಯುತ್ತದೆ, ಎತ್ತಿ ಹಂಚಿಗೆ ಹಾಕುವಷ್ಟರಲ್ಲಿ ಹರಿದು ಬರುತ್ತದೆ. ಹಾಗಾಗಿ ತಿಂಗಳ ಹಿಟ್ಟು ಒಂದೇ ಸಲ ಬೀಸಿಸಬೇಡಿ. ವಾರಕ್ಕೆ ಸಾಲುವಷ್ಟು ತನ್ನಿ. ನಮಗೆ ಕೆಲಸ ಜಾಸ್ತಿ ಆದರೂ ಪರವಾಗಿಲ್ಲ, ನಿಮ್ಮ ರೊಟ್ಟಿ ಚಲೋ ಬರುವುದು ಮುಖ್ಯ.

ಸಜ್ಜಿಗೆ ಅಷ್ಟು ಪುರುಸೊತ್ತೂ ಇಲ್ಲ. ಅದರಲ್ಲಿ ಎಣ್ಣೆ ಅಂಶ ಜಾಸ್ತಿ, ಹಿಟ್ಟು ಕೆಲವೇ ದಿನಗಳಲ್ಲಿ ಕಹಿಯಾಗುತ್ತದೆ. ಹಬ್ಬದ ಹಿಂದಿನ ದಿನ ಬೀಸಿಸಿ, ಮರುದಿನ ಬಡಿಯಿರಿ.

ಈಗ ಜಿಟಿಜಿಟಿ ಮಳೆ. ಕಾಳು ಹಸಿ ಹಿಡಿದಿರುತ್ತದೆ. ಹಸಿ ಕಾಳು ಕಲ್ಲಿಗೆ ಅಂಟುತ್ತದೆ, ಹಿಟ್ಟು ದಪ್ಪ ಬರುತ್ತದೆ. ಬಿಸಿಲು ಬಿದ್ದಾಗ ಒಂದು ತಾಸು ಹರವಿ, ಹಸನು ಮಾಡಿ ತನ್ನಿ. ಬಿಸಿಲೇ ಬೀಳದಿದ್ದರೆ ಫ್ಯಾನಿನ ಕೆಳಗೆ ಹರವಿದರೂ ನಡೆಯುತ್ತದೆ. ಮನೆಗೆ ಹೋದ ಕೂಡಲೇ ಡಬ್ಬಿಯ ಮುಚ್ಚಳ ತೆಗೆದಿಡಿ. ಗಿರಣಿಯಿಂದ ಬಿಸಿ ಬಿಸಿ ಬಂದ ಹಿಟ್ಟನ್ನು ಹಾಗೇ ಮುಚ್ಚಿಟ್ಟರೆ ಒಳಗೆ ಬೆವರುತ್ತದೆ, ಬೇಗ ಹುಳ ಬೀಳುತ್ತದೆ.

ಉಂಡಿ ಹಿಟ್ಟು

ಬೇಸನ್ ಉಂಡಿಗೆ ಕಡಲೆಬೇಳೆಯನ್ನು ಸಣ್ಣ ಉರಿಯಲ್ಲಿ ಕೆಂಪಗೆ ಹುರಿದು, ಪೂರ್ತಿ ಆರಿಸಿ ತನ್ನಿ. ಬಿಸಿ ಇದ್ದಾಗಲೇ ತಂದರೆ ಹಿಟ್ಟು ಗಂಟಾಗುತ್ತದೆ. ಸ್ವಲ್ಪ ತರಿ ತರಿ ಬೀಸಿದರೆ ಉಂಡಿ ಬಾಯಿಗೆ ಅಂಟುವುದಿಲ್ಲ. ನುಣ್ಣಗೆ ಬೇಕು ಅನ್ನುವವರು ಮೊದಲೇ ಹೇಳಿ. ತಂಬಿಟ್ಟಿನ ಗೋಧಿಯನ್ನೂ ಹೀಗೇ ಹುರಿದು ಆರಿಸಿ ತನ್ನಿ, ಪುಟಾಣಿಯನ್ನು ಬೇರೆ ಚೀಲದಲ್ಲಿ ತನ್ನಿ. ಅಳ್ಳಿಟ್ಟು ಮಾಡುವವರು ಈಗ ಕಡಿಮೆ ಆಗಿದ್ದಾರೆ. ಅಳ್ಳು ತಂದವರಿಗೆ ನಾವು ಎಷ್ಟು ಹೊತ್ತಾದರೂ ನಿಂತು ಬೀಸಿಕೊಡುತ್ತೇವೆ. ಅರಳದೆ ಉಳಿದ ಗಟ್ಟಿ ಕಾಳನ್ನು ಮಾತ್ರ ಆರಿಸಿ ತೆಗೆದಿರಿ. ಹಾಲು ಬೆಲ್ಲ ಹಾಕಿ ಕಲಸಿಕೊಟ್ಟರೆ ಮಕ್ಕಳು ಬಿಡುವುದಿಲ್ಲ. ಆ ರುಚಿ ಅವರಿಗೂ ಗೊತ್ತಾಗಲಿ.

ಎಳ್ಳು, ಶೇಂಗಾ ದಯವಿಟ್ಟು ತರಬೇಡಿ. ಎಣ್ಣೆ ಬಿಟ್ಟು ಕಲ್ಲು ಜಿಗಟಾಗುತ್ತದೆ, ಆಮೇಲೆ ಬಂದವರ ಹಿಟ್ಟು ಕೆಡುತ್ತದೆ. ಅವನ್ನು ಮನೆಯಲ್ಲೇ ಒರಳಲ್ಲಿ ಕುಟ್ಟಿ, ಇಲ್ಲವೇ ಮಿಕ್ಸರಿಗೆ ಹಾಕಿ. ಹಬ್ಬ ಮುಗಿಯುವ ತನಕ ಖಾರ ಕುಟ್ಟುವ ಯಂತ್ರವೂ ಬಂದ್ ಇರುತ್ತದೆ. ಬ್ಯಾಡಗಿ ಮೆಣಸಿನಕಾಯಿಯ ಘಾಟು ಉಂಡಿ ಹಿಟ್ಟಿಗೆ ಹತ್ತಬಾರದು ಅಲ್ವಾ?

ಯಾವಾಗ ಬರಬೇಕು

ಅಮಾವಾಸ್ಯೆಯ ದಿನ ಗಿರಣಿ ಪೂಜೆ. ಮುಂಜಾನೆ 11ರ ಮೇಲೆ ಬೀಸುವುದಿಲ್ಲ, ಪ್ರಸಾದಕ್ಕೆ ಎಲ್ಲರೂ ಬನ್ನಿ. ಅದರ ಮುಂದಿನ ಎರಡು ದಿನ ಮುಂಜಾನೆ 6ರಿಂದ ರಾತ್ರಿ 10ರ ತನಕ ತೆರೆದಿರುತ್ತೇವೆ. ಮಗ್ಗದ ಕೆಲಸ ಮುಗಿಸಿ ತಡವಾಗಿ ಬರುವವರು ಗಾಬರಿ ಆಗಬೇಡಿ.

ಮುಂಜಾನೆಯಿಂದ ಮಧ್ಯಾಹ್ನ 1ರ ತನಕ ಜೋಳ, ಸಜ್ಜಿ. 1ರಿಂದ 5ರ ತನಕ ಗೋಧಿ. 5ರ ಮೇಲೆ ಕಡಲೆಬೇಳೆ, ಪುಟಾಣಿ, ತಂಬಿಟ್ಟು, ಅಳ್ಳು. ಇದು ಸುಮ್ನೆ ಮಾಡಿದ ನಿಯಮ ಅಲ್ಲ. ಒಂದು ಧಾನ್ಯದ ಹಿಂದೆ ಇನ್ನೊಂದನ್ನು ಹಾಕಿದರೆ ಮೊದಲ ಬೊಗಸೆಯಲ್ಲಿ ಹಿಂದಿನವರದ್ದು ಬೆರೆಯುತ್ತದೆ. ಧಾನ್ಯ ಬದಲಿಸುವಾಗ ಆ ಮೊದಲ ಹಿಟ್ಟನ್ನು ನಾವು ಬೇರೆ ತೆಗೆದಿಟ್ಟು ದನಕ್ಕೆ ಹಾಕುತ್ತೇವೆ. ನೈವೇದ್ಯಕ್ಕೆ ಮಡಿಯಿಂದ ಹಿಟ್ಟು ಬೇಕಾದವರು ಮುಂಜಾನೆ 6ಕ್ಕೇ ಬಂದರೆ ತೊಳೆದ ಕಲ್ಲಿಗೆ ನಿಮ್ಮದೇ ಮೊದಲು.

ಕರೆಂಟ್ ಹೋದರೆ ಡಬ್ಬಿ ಬಿಟ್ಟು ಹೋಗಿ. ಹೆಸರು ಮತ್ತು ಓಣಿ ಬರೆದ ಚೀಟಿ ಅಂಟಿಸಿರಿ. ವಯಸ್ಸಾದವರು, ಬಾಣಂತಿ ಇರುವ ಮನೆಯವರು ಹೇಳಿ ಕಳಿಸಿದರೆ ನಮ್ಮ ಹುಡುಗ ಸೈಕಲ್ ಮೇಲೆ ಬಂದು ಕಾಳು ಒಯ್ದು ಹಿಟ್ಟು ತಂದುಕೊಡುತ್ತಾನೆ. ಅದಕ್ಕೆ ಬೇರೆ ದುಡ್ಡಿಲ್ಲ.

ದರ ಹೋದ ವರ್ಷದ್ದೇ. ಜೋಳ, ಸಜ್ಜಿ, ಗೋಧಿ ಕೆಜಿಗೆ 6 ರೂಪಾಯಿ. ಬೇಳೆ, ಪುಟಾಣಿ, ಅಳ್ಳು 10 ರೂಪಾಯಿ. ಹೊಲವಿಲ್ಲದವರಿಗೆ, ಕಾಳು ಹಸನು ಮಾಡಲು ಪುರುಸೊತ್ತಿಲ್ಲದವರಿಗೆ ಅವತ್ತವತ್ತೇ ಬೀಸಿದ ಜೋಳದ ಹಿಟ್ಟು ಗಿರಣಿಯಲ್ಲೇ ಸಿಗುತ್ತದೆ.

ಪಂಚಮಿಯ ದಿನ ಗಿರಣಿಗೆ ರಜೆ. ನಮ್ಮ ಮನೆಗೂ ಮಗಳು ಬರುತ್ತಾಳೆ. ಮರುದಿನ ಮುಂಜಾನೆ 8ಕ್ಕೆ ಎಂದಿನಂತೆ ಬಾಗಿಲು ತೆರೆಯುತ್ತೇವೆ. ಗಂಡನ ಮನೆಗೆ ಹೊರಡುವ ಹೆಣ್ಣುಮಕ್ಕಳಿಗೆ ಕಟ್ಟಿಕೊಡುವ ಹಿಟ್ಟು ಇದ್ದರೆ ಅವತ್ತು ಅವರದ್ದೇ ಮೊದಲು ಬೀಸುತ್ತೇವೆ. ಬಸ್ಸಿನ ಹೊತ್ತು ಹೇಳಿದರೆ ಸಾಕು.

ನಿಮ್ಮ ವಿಶ್ವಾಸಿ,
ಬನಶಂಕರಿ ಹಿಟ್ಟಿನ ಗಿರಣಿಯ ಮನೆಮಂದಿ
ಬೆಟಗೇರಿ, ಗದಗ